ಕಡಿಮೆ ಅಂದ್ರೂ 9.1: ಒಂದು ಕ್ಯಾಸಿನೊ ರ‍್ಯಾಂಕಿಂಗ್ ಪುಟವನ್ನು ಬಿಚ್ಚಿ ನೋಡಿದಾಗ

ಪುಟದ ಹೆಸರು ಹೇಳುವುದಿಲ್ಲ. ಅಂಥವು ಅಂತರ್ಜಾಲದಲ್ಲಿ ಎಷ್ಟೋ ಇವೆ, ಒಂದನ್ನು ನೋಡಿದರೆ ಎಲ್ಲವನ್ನೂ ನೋಡಿದ ಹಾಗೆ. "ಭಾರತದ ಅತ್ಯುತ್ತಮ 10 ಆನ್‌ಲೈನ್ ಕ್ಯಾಸಿನೊಗಳು" ಅಂತ ತಲೆಬರಹ. ಕೆಳಗೆ ಹತ್ತು ಸಾಲು. ಪ್ರತಿ ಸಾಲಿನಲ್ಲೂ ಒಂದು ಲೋಗೊ, ಒಂದು ಬೋನಸ್, ಒಂದು ಅಂಕ, ಒಂದು ಹಸಿರು ಬಟನ್. ಮೊದಲನೆಯದಕ್ಕೆ ಹತ್ತಕ್ಕೆ 9.8 ಅಂಕ, ಕೊನೆಯದಕ್ಕೆ 9.1. ಹತ್ತನೇ ಸ್ಥಾನದವನೂ ಡಿಸ್ಟಿಂಕ್ಷನ್‌ನಲ್ಲೇ ಪಾಸು!

ನನ್ನ ಸ್ನೇಹಿತನ ತಮ್ಮ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. 2025ರ ಫೆಬ್ರುವರಿಯಲ್ಲಿ ಈ ಪುಟದ ಮೊದಲ ಬಟನ್ ಒತ್ತಿ ಹೋದ. 10,000 ರೂಪಾಯಿ ಹಾಕಿದ, ಅಷ್ಟೇ ಮೊತ್ತದ ಬೋನಸ್ ಬಂತು. ಆಡುತ್ತಾ ಆಡುತ್ತಾ ಖಾತೆಯಲ್ಲಿ 38,000 ಆಯಿತು. ತೆಗೆಯಲು ಹೋದಾಗ ಗೆಲುವು ರದ್ದಾಗಿದೆ ಅಂತ ಮೇಲ್ ಬಂತು. ಹಾಕಿದ 10,000 ಮಾತ್ರ ಖಾತೆಗೆ ವಾಪಸ್ಸು. ಆ ಸಿಟ್ಟಿನಲ್ಲಿ ಅದನ್ನೂ ಆಡಿ ಕಳೆದ. ಮೇಲೆ ಇನ್ನೂ 15,000 ಹಾಕಿ ಅದನ್ನೂ ಕಳೆದ.

"ಅಣ್ಣಾ, ಸುಮ್ನೆ ಯಾವುದೋ ಸೈಟಿಗೆ ಹೋಗಿಲ್ಲ ನಾನು. ರೇಟಿಂಗ್ ನೋಡೇ ಹೋಗಿದ್ದು" ಅಂದ.

ಇಂಥ ಪುಟಗಳು ಕ್ಯಾಸಿನೊಗೆ ಗಿರಾಕಿಗಳನ್ನು ಕಳಿಸಿ ಕಮಿಷನ್ ಪಡೆಯುವುದಕ್ಕೆ ಅಫಿಲಿಯೇಟ್ ವ್ಯವಹಾರ ಅನ್ನುತ್ತಾರೆ. ಅದರ ಲೆಕ್ಕಪತ್ರ ನೋಡಿಕೊಳ್ಳುವ ಕೆಲಸ ನಾನು ಹಿಂದೆ ಮಾಡುತ್ತಿದ್ದೆ. ಹಾಗಾಗಿ ಆ ಪುಟವನ್ನು ಅವನ ಜೊತೆ ಕೂತು ಮೇಲಿಂದ ಕೆಳಗಿನವರೆಗೆ ಬಿಚ್ಚಿ ನೋಡಿದೆವು. ಸಿಕ್ಕಿದ್ದು ಇದು.

ಬಟನ್ ಒಳಗೆ ಏನಿದೆ

ಹಸಿರು ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ಲಿಂಕ್ ಕಾಪಿ ಮಾಡಿದರೆ ಅದು ಕ್ಯಾಸಿನೊದ ವಿಳಾಸ ಅಲ್ಲ. ಅದೇ ಪುಟದ ಇನ್ನೊಂದು ವಿಳಾಸ, ನಡುವೆ `/go/` ಅಂತ ಇರುತ್ತದೆ. ಅದನ್ನು ತೆರೆದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಕ್ಯಾಸಿನೊದ ನೋಂದಣಿ ಪುಟಕ್ಕೆ ತಳ್ಳುತ್ತದೆ. ಆಗ ಮೇಲಿನ ವಿಳಾಸ ಪಟ್ಟಿಯಲ್ಲಿ ಹೆಚ್ಚುಕಮ್ಮಿ ಹೀಗೆ ಕಾಣುತ್ತದೆ:

```
https://casino.example/register?btag=a_4412b_87c_top1
```

ಆ `btag` ಅನ್ನುವುದೇ ದಲ್ಲಾಳಿಯ ಗುರುತು. ಕೆಲವು ಕಡೆ `affid`, ಕೆಲವು ಕಡೆ `clickid` ಅಂತ ಇರುತ್ತದೆ. ಈ ಗಿರಾಕಿಯನ್ನು ಯಾರು ಕಳಿಸಿದ್ದು, ಯಾವ ಬಟನ್‌ನಿಂದ ಬಂದ ಅನ್ನುವುದು ಅದರಲ್ಲಿ ಬರೆದಿರುತ್ತದೆ. ನೋಂದಣಿ ಮಾಡಿದ ಕ್ಷಣದಿಂದ ಆ ಹುಡುಗನ ಖಾತೆ ಈ ಪುಟದವರ ಹೆಸರಿಗೆ ಜಮೆಯಾಯಿತು ಅಂದುಕೊಳ್ಳಿ. ಅವನು ಮುಂದೆ ಪುಟಕ್ಕೆ ಬರದಿದ್ದರೂ ಪರವಾಗಿಲ್ಲ. ಅವನು ಆಡಿದ್ದೆಲ್ಲ ಇವರ ಲೆಕ್ಕದಲ್ಲಿ ಕಾಣುತ್ತಿರುತ್ತದೆ.

ದುಡ್ಡು ಬರುವ ದಾರಿ ಮುಖ್ಯವಾಗಿ ಎರಡು. ಒಂದು, ತಲೆಗೆ ಇಷ್ಟು ಅಂತ. ಹೊಸಬನೊಬ್ಬ ಮೊದಲ ಡೆಪಾಸಿಟ್ ಮಾಡಿದರೆ ಒಂದು ಸಲ ನಿಗದಿತ ಮೊತ್ತ. ಇದಕ್ಕೆ ಈ ವ್ಯಾಪಾರದಲ್ಲಿ ಸಿಪಿಎ ಅನ್ನುತ್ತಾರೆ. ಇನ್ನೊಂದು ರೆವೆನ್ಯೂ ಶೇರ್. ಆ ಗಿರಾಕಿಯಿಂದ ಕ್ಯಾಸಿನೊಗೆ ಬರುವ ನಿವ್ವಳ ಆದಾಯದಲ್ಲಿ ಪಾಲು. ಶೇಕಡಾ 25ರಿಂದ 45ರವರೆಗಿನ ಪಾಲು ಸಾಮಾನ್ಯ. ಎಷ್ಟೋ ಒಪ್ಪಂದಗಳಲ್ಲಿ ಅದು ಆ ಖಾತೆ ಇರುವವರೆಗೂ ಬರುತ್ತದೆ. ಎರಡನ್ನೂ ಬೆರೆಸಿದ ಒಪ್ಪಂದಗಳೂ ಉಂಟು.

"ನಿವ್ವಳ ಆದಾಯ" ಅಂದರೆ ಏನು? ಆಟಗಾರ ಕಳೆದುಕೊಂಡ ದುಡ್ಡು, ಅದರಲ್ಲಿ ಬೋನಸ್ ಖರ್ಚು, ಪೇಮೆಂಟ್ ಶುಲ್ಕ, ಆಟ ತಯಾರಿಸಿದ ಕಂಪನಿಯ ಪಾಲು ಕಳೆದು ಉಳಿದದ್ದು. ನಮ್ಮ ಹುಡುಗ ತನ್ನ ಜೇಬಿನಿಂದ ಕಳೆದುಕೊಂಡದ್ದು ಒಟ್ಟು 25,000. ಖರ್ಚುಗಳಿಗೆ ಶೇ 30 ತೆಗೆದರು ಅಂತ ಇಟ್ಟುಕೊಳ್ಳೋಣ, 17,500 ಉಳಿಯಿತು. ಪಾಲು ಶೇ 35 ಆಗಿದ್ದರೆ ಪುಟದವರಿಗೆ 6,125 ರೂಪಾಯಿ.

ಈಗ ಉಲ್ಟಾ ಲೆಕ್ಕ ಹಾಕಿ. ಕ್ಯಾಸಿನೊ ಮರ್ಯಾದೆಯಾಗಿ ಅವನಿಗೆ 38,000 ಕೊಟ್ಟು ಕಳಿಸಿದ್ದರೆ? ಹಾಕಿದ್ದು 10,000, ಹೋಗಿದ್ದು 38,000. ಕ್ಯಾಸಿನೊಗೆ 28,000 ನಷ್ಟ. ಅದರ ಶೇ 35, ಅಂದರೆ 9,800 ರೂಪಾಯಿ, ಪುಟದವರ ಖಾತೆಯಲ್ಲಿ ಮೈನಸ್ ಆಗಿ ಕಾಣುತ್ತಿತ್ತು. ಆ ತಿಂಗಳು ಬೇರೆಯವರು ಸೋತು ಬಂದ ಕಮಿಷನ್‌ನಲ್ಲಿ ಅದು ವಜಾ ಆಗುತ್ತಿತ್ತು. ಕೆಲವು ಒಪ್ಪಂದಗಳಲ್ಲಿ ತಿಂಗಳ ಕೊನೆಗೆ ಮೈನಸ್ ಅಳಿಸಿ ಸೊನ್ನೆ ಮಾಡುತ್ತಾರೆ, ಕೆಲವರಲ್ಲಿ ಮುಂದಿನ ತಿಂಗಳಿಗೂ ಹೊತ್ತುಕೊಂಡು ಹೋಗುತ್ತದೆ. ಹೇಗಿದ್ದರೂ, ಅವನ ಗೆಲುವು ರದ್ದಾದದ್ದು ಅವನಿಗೆ ದಾರಿ ತೋರಿಸಿದವರಿಗೂ ಲಾಭವೇ.

ಇದರರ್ಥ ಪುಟದವರು ಕ್ಯಾಸಿನೊ ಜೊತೆ ಸೇರಿ ಅವನ ದುಡ್ಡು ತಿಂದರು ಅಂತಲ್ಲ. ಅವನು ಯಾರು ಅಂತಲೂ ಅವರಿಗೆ ಗೊತ್ತಿರುವುದಿಲ್ಲ, ಕಾಣುವುದು ಒಂದು ಸಂಖ್ಯೆ ಮಾತ್ರ. ಆದರೆ ಅವನು ಗೆದ್ದರೆ ಇವರಿಗೆ ಪ್ರಯೋಜನವಿಲ್ಲ, ಸೋತರೆ ಇದೆ. ಅಂಥವರು ಕೊಟ್ಟ ಅಂಕವನ್ನು ಅವನು ಮೂರನೆಯವರ ಸಾಕ್ಷಿ ಅಂತ ತಿಳಿದುಕೊಂಡಿದ್ದ.

ಆರರಿಂದ ಒಂದಕ್ಕೆ

ನನಗೆ ಎಲ್ಲಕ್ಕಿಂತ ಜಾಸ್ತಿ ಕುತೂಹಲ ಇದ್ದದ್ದು ಪಟ್ಟಿಯ ಕ್ರಮದ ಬಗ್ಗೆ. `web.archive.org` ಗೆ ಹೋಗಿ ಆ ಪುಟದ ವಿಳಾಸ ಹಾಕಿದೆವು. ಇಂಥ ಪುಟಗಳ ಹಳೆಯ ಪ್ರತಿಗಳು ಅಲ್ಲಿ ಸಾಕಷ್ಟು ಸಿಗುತ್ತವೆ. 2024ರ ಅಕ್ಟೋಬರ್ ಪ್ರತಿಯಲ್ಲಿ ಇದೇ ಕ್ಯಾಸಿನೊ ಆರನೇ ಸ್ಥಾನದಲ್ಲಿತ್ತು, ಅಂಕ 9.2. 2025ರ ಜನವರಿ ಪ್ರತಿಯಲ್ಲಿ ಒಂದನೇ ಸ್ಥಾನ, 9.8.

ಮೂರು ತಿಂಗಳಲ್ಲಿ ಕ್ಯಾಸಿನೊ ಅಷ್ಟು ಸುಧಾರಿಸಿತೇ? ವಿಮರ್ಶೆಯ ಎರಡೂ ಪ್ರತಿಗಳನ್ನು ಪಕ್ಕಪಕ್ಕ ಇಟ್ಟು ಓದಿದೆವು. ಒಂದು ವಾಕ್ಯವೂ ಬದಲಾಗಿರಲಿಲ್ಲ. ಅದೇ ಹೊಗಳಿಕೆ, ಅದೇ ಎರಡು "ಕೊರತೆಗಳು". (ಆ ಕೊರತೆಗಳಾದರೂ ಏನು? "ಮೊಬೈಲ್ ಆ್ಯಪ್ ಇಲ್ಲ", "ಫೋನ್ ಬೆಂಬಲ ಇಲ್ಲ". ಯಾರೂ ಅದನ್ನು ಓದಿ ವಾಪಸ್ ಹೋಗುವುದಿಲ್ಲ ಅಲ್ವಾ?) ಬದಲಾಗಿದ್ದು ಮೂರೇ: ಸ್ಥಾನ, ಅಂಕ, ಮತ್ತು "ಇತ್ತೀಚೆಗೆ ಪರಿಷ್ಕರಿಸಲಾಗಿದೆ" ಅನ್ನುವ ದಿನಾಂಕ.

ವಿಮರ್ಶೆ ಬದಲಾಗದೆ ಅಂಕ ಮಾತ್ರ ಏರಿದರೆ, ಬದಲಾಗಿರುವುದು ಬಹುಪಾಲು ಒಪ್ಪಂದ. ತಲೆಗೆ ಕೊಡುವ ಮೊತ್ತ ಏರಿಸಿರಬಹುದು. ಅಥವಾ ಸ್ಥಾನವನ್ನೇ ತಿಂಗಳ ಬಾಡಿಗೆಗೆ ಕೊಂಡಿರಬಹುದು. ಈ ವ್ಯಾಪಾರದಲ್ಲಿ ಅದಕ್ಕೆ ಟೆನೆನ್ಸಿ ಅಂತಲೇ ಹೆಸರು. ಒಂದನೇ ಸಾಲಿಗೆ ಒಂದು ದರ, ಮೂರನೇ ಸಾಲಿಗೆ ಇನ್ನೊಂದು. ಈ ಪುಟದ ಒಪ್ಪಂದವನ್ನು ನಾನು ಕಣ್ಣಾರೆ ಕಂಡಿಲ್ಲ. ಆದರೆ ಬೇರೆ ಯಾವ ಕಾರಣವನ್ನೂ ಪುಟ ಕೊಟ್ಟಿರಲಿಲ್ಲ.

ಅಂಕ ಹೇಗೆ ಬಂತು ಅಂತ ಹುಡುಕಿದರೆ "ನಮ್ಮ ತಜ್ಞರ ತಂಡ" ಅಂತ ಒಂದು ಸಾಲು. ಒಳಗೆ ನಾಲ್ಕು ಭಾಗ: ಆಟಗಳು 9.9, ಬೋನಸ್ 9.9, ಪಾವತಿ 9.6, ಬೆಂಬಲ 9.7. ಇದರ ಸರಾಸರಿ 9.8 ಬರುತ್ತದೆ, ಲೆಕ್ಕ ಸರಿಯಾಗಿದೆ. ಆದರೆ ಆಟಗಳಿಗೆ ಅಂಕ ಅನ್ನುವುದೇ ವಿಚಿತ್ರ. ಬಹುತೇಕ ಕ್ಯಾಸಿನೊಗಳು ತಮ್ಮ ಆಟಗಳನ್ನು ತಾವು ಮಾಡುವುದಿಲ್ಲ. ಪ್ರಾಗ್ಮ್ಯಾಟಿಕ್ ಪ್ಲೇ, ಎವಲ್ಯೂಷನ್, ಪ್ಲೇನ್‌ಗೋ ಮುಂತಾದ ಅದೇ ಕಂಪನಿಗಳಿಂದ ತರುತ್ತವೆ. ಒಂದನೇ ಸ್ಥಾನದಲ್ಲೂ ಹತ್ತನೇ ಸ್ಥಾನದಲ್ಲೂ ಆಡುವುದು ಅವೇ ಆಟಗಳನ್ನು.

ಬೋನಸ್‌ಗೆ 9.9

ವಿಮರ್ಶೆಯಲ್ಲಿ ಬರೆದದ್ದು "ಶೇ 100 ಬೋನಸ್, ಭಾರತೀಯರಿಗೆ ಉದಾರ ಶರತ್ತು". ಕ್ಯಾಸಿನೊದ ಶರತ್ತು ಪುಟದಲ್ಲಿ ಬರೆದದ್ದು: ಡೆಪಾಸಿಟ್ ಮತ್ತು ಬೋನಸ್ ಸೇರಿದ ಮೊತ್ತದ 35 ಪಟ್ಟು ಆಡಬೇಕು. ಬೋನಸ್ ಇರುವಾಗ ಒಂದು ಸ್ಪಿನ್‌ಗೆ 500 ರೂಪಾಯಿಗಿಂತ ಹೆಚ್ಚು ಹೂಡುವಂತಿಲ್ಲ.

35 ಪಟ್ಟು ಅಂದರೆ ಎಷ್ಟು ಅಂತ ಕೇಳಿದೆ. ಅವನು ಯೋಚಿಸಿರಲಿಲ್ಲ. 10,000 ಮತ್ತು 10,000 ಸೇರಿ 20,000. ಅದರ 35 ಪಟ್ಟು 7,00,000. ಏಳು ಲಕ್ಷ ರೂಪಾಯಿಯ ಆಟ ತಿರುಗಿಸಿದ ಮೇಲೆಯೇ ಒಂದು ರೂಪಾಯಿ ತೆಗೆಯಲು ಆಗುವುದು.

ಅವನು ಆಡಿದ ಸ್ಲಾಟ್‌ಗಳಲ್ಲಿ ಬುಕ್ ಆಫ್ ಡೆಡ್ ಒಂದು. ವಿಮರ್ಶೆಯಲ್ಲಿ ಅದರ ಆರ್‌ಟಿಪಿ 96.21 ಅಂತ ಕೊಟ್ಟಿದ್ದರು. ಅಂದರೆ ಬಹಳ ಕಾಲ ಆಡಿದರೆ ಹೂಡಿದ ನೂರಕ್ಕೆ ಸರಾಸರಿ 96.21 ವಾಪಸ್ ಬರುತ್ತದೆ, 3.79 ಕ್ಯಾಸಿನೊಗೆ. ಏಳು ಲಕ್ಷಕ್ಕೆ ಲೆಕ್ಕ ಹಾಕಿದರೆ ಸರಾಸರಿ ನಷ್ಟ 26,530 ರೂಪಾಯಿ. ಸಿಕ್ಕ ಬೋನಸ್ 10,000!

ಇಲ್ಲಿ ಇನ್ನೊಂದು ಸಂಗತಿ ಇದೆ. ಈ ಆಟವನ್ನು ತಯಾರಕರು ಒಂದೇ ಆರ್‌ಟಿಪಿಯಲ್ಲಿ ಕೊಡುವುದಿಲ್ಲ. 96.21 ಇದೆ, 94.25 ಇದೆ, 91.25 ಇದೆ, ಇನ್ನೂ ಕೆಳಗಿನವೂ ಇವೆ. ಯಾವುದನ್ನು ಇಡಬೇಕು ಅನ್ನುವುದನ್ನು ಕ್ಯಾಸಿನೊ ಆರಿಸಿಕೊಳ್ಳುತ್ತದೆ. ಆಟದ ಚಿತ್ರ, ಶಬ್ದ, ಚಿಹ್ನೆ ಎಲ್ಲ ಅವೇ. ಆಟದೊಳಗಿನ ಸಹಾಯ ಪುಟ ತೆರೆದು ನೋಡಿದೆವು: 94.25. ಈಗ ಕ್ಯಾಸಿನೊದ ಪಾಲು 5.75, ಏಳು ಲಕ್ಷಕ್ಕೆ ಸರಾಸರಿ ನಷ್ಟ 40,250. ಖಾತೆಯಲ್ಲಿ ಬೋನಸ್ ಸೇರಿ ಇದ್ದದ್ದೇ 20,000. ಹೆಚ್ಚಿನವರಿಗೆ ಶರತ್ತು ಮುಗಿಯುವ ಮೊದಲು ದುಡ್ಡೇ ಮುಗಿದಿರುತ್ತದೆ. ನಮ್ಮ ಹುಡುಗ ಶರತ್ತು ಮುಗಿಸಿ 38,000 ಉಳಿಸಿಕೊಂಡಿದ್ದು ಅಪರೂಪದ ಅದೃಷ್ಟ.

ಹಾಗಿದ್ದರೆ ರದ್ದು ಯಾಕೆ? ಸಾವಿರಾರು ಸ್ಪಿನ್‌ಗಳ ನಡುವೆ ಕೆಲವನ್ನು 600 ರೂಪಾಯಿಗೆ ಆಡಿದ್ದ. ಮಿತಿ 500. ಆಟ ಅವನನ್ನು ತಡೆಯಲಿಲ್ಲ, 600 ಒತ್ತಿದರೆ 600 ತೆಗೆದುಕೊಂಡಿತು. ತಡೆದದ್ದು ದುಡ್ಡು ಕೇಳಿದ ಮೇಲೆ. ಈ ಗರಿಷ್ಠ ಹೂಡಿಕೆಯ ಶರತ್ತು ಬೋನಸ್‌ಗಳಲ್ಲಿ ಬಹಳ ಸಾಮಾನ್ಯ. ಗೆಲುವು ರದ್ದಾದವರ ದೂರುಗಳಲ್ಲಿ ಪದೇಪದೇ ಕಾಣುವ ಕಾರಣವೂ ಇದೇ. ವಿಮರ್ಶೆಯಲ್ಲಿ ಅದರ ಬಗ್ಗೆ ಒಂದು ಅಕ್ಷರ ಇರಲಿಲ್ಲ. ಬೋನಸ್‌ಗೆ ಅಂಕ ಕೊಡುವವರು ಈ ಎರಡು ಶರತ್ತನ್ನು ಬರೆಯದಿದ್ದರೆ, ಅವರು ಶರತ್ತು ಪುಟ ಓದಿಲ್ಲ, ಇಲ್ಲವೇ ಓದಿಯೂ ಬಿಟ್ಟಿದ್ದಾರೆ.

ಪಾವತಿಯ ಕಥೆಯೂ ಹೀಗೇ. "24 ಗಂಟೆಯಲ್ಲಿ ಹಣ" ಅನ್ನುವ ಸಾಲು ಕ್ಯಾಸಿನೊದ ಸ್ವಂತ ಪುಟದಿಂದ ಎತ್ತಿದ್ದು. ಅಲ್ಲಿ ಅದರ ಪೂರ್ತಿ ರೂಪ ಹೀಗಿತ್ತು: ದಾಖಲೆ ಪರಿಶೀಲನೆ ಮುಗಿದು ಕೋರಿಕೆ ಒಪ್ಪಿದ ಮೇಲೆ 24 ಗಂಟೆ. ಪರಿಶೀಲನೆಗೆ ಎಷ್ಟು ದಿನ ಅನ್ನುವುದಕ್ಕೆ ಮಿತಿಯೇ ಇಲ್ಲ. ನಿಜವಾಗಿ ಪರೀಕ್ಷೆ ಮಾಡಿದವರು ಬರೆಯುವ ರೀತಿಯೇ ಬೇರೆ: ಇಂಥ ದಿನ ಇಷ್ಟು ಹಾಕಿದೆವು, ಇಂಥ ದಿನ ಇಷ್ಟು ಕೇಳಿದೆವು, ಈ ದಾಖಲೆ ಕೇಳಿದರು, ಇಂಥ ದಿನ ಬ್ಯಾಂಕಿಗೆ ಬಂತು. ಅಂಥ ಒಂದು ಸಾಲೂ ಇಲ್ಲದ ವಿಮರ್ಶೆಯನ್ನು ಮನೆಯಲ್ಲಿ ಕೂತೇ ಬರೆಯಬಹುದು.

ದೊಡ್ಡವರ ಕಥೆ

ಇದೇನು ಯಾರೋ ನಾಲ್ಕು ಹುಡುಗರು ರೂಮಿನಲ್ಲಿ ಕೂತು ಮಾಡುವ ಕೆಲಸ ಅಂತ ಅವನು ಅಂದುಕೊಂಡಿದ್ದ. ಕೆಲವು ಹಾಗೂ ಇವೆ. ಆದರೆ ಈ ಕ್ಷೇತ್ರದಲ್ಲಿ ಷೇರು ಮಾರುಕಟ್ಟೆಯಲ್ಲಿರುವ ಕಂಪನಿಗಳಿವೆ. ಗ್ಯಾಂಬ್ಲಿಂಗ್ ಡಾಟ್ ಕಾಮ್ ಗ್ರೂಪ್ 2021ರಲ್ಲಿ ಅಮೆರಿಕದ ನಾಸ್ಡಾಕ್‌ಗೆ ಬಂತು. ಆಟಗಾರರ ದೂರು ಕೇಳುವುದಕ್ಕೆ ಹೆಸರಾದ ಆಸ್ಕ್‌ಗ್ಯಾಂಬ್ಲರ್ಸ್ ತಾಣವನ್ನು 2016ರಲ್ಲಿ ಕ್ಯಾಟೆನಾ ಮೀಡಿಯಾ ಅನ್ನುವ ಅಫಿಲಿಯೇಟ್ ಕಂಪನಿ 1.5 ಕೋಟಿ ಯುರೋಗೆ ಕೊಂಡಿತು. ಅದನ್ನೂ ಜೊತೆಗಿನ ಕೆಲವು ತಾಣಗಳನ್ನೂ 2022ರ ಕೊನೆಯಲ್ಲಿ ಗೇಮಿಂಗ್ ಇನ್ನೋವೇಶನ್ ಗ್ರೂಪ್‌ಗೆ 4.5 ಕೋಟಿ ಯುರೋಗೆ ಮಾರುವುದಾಗಿ ಪ್ರಕಟಿಸಿತು. ಕೊಂಡ ಕಂಪನಿ ಆಗ ಕ್ಯಾಸಿನೊಗಳಿಗೆ ಬೇಕಾದ ತಂತ್ರಾಂಶವನ್ನೂ ಪೂರೈಸುತ್ತಿತ್ತು. ಅಂದರೆ ಕ್ಯಾಸಿನೊಗಳಿಗೆ ಅಂಕ ಕೊಡುವ ತಾಣ ಮತ್ತು ಕ್ಯಾಸಿನೊಗಳಿಗೆ ಸಾಮಾನು ಪೂರೈಸುವ ವ್ಯವಹಾರ, ಎರಡೂ ಒಂದೇ ಮನೆಯಲ್ಲಿ.

ಹೀಗಿದ್ದರೂ ದೂರುಗಳನ್ನು ಬಹಿರಂಗವಾಗಿ ಇಡುವ ತಾಣಗಳು ನಮ್ಮ ಪುಟದಂಥವಕ್ಕಿಂತ ಎಷ್ಟೋ ಮೇಲು ಅನ್ನುವುದು ನನ್ನ ಅಭಿಪ್ರಾಯ. ಆಸ್ಕ್‌ಗ್ಯಾಂಬ್ಲರ್ಸ್, ಕ್ಯಾಸಿನೊ ಗುರು ಇವುಗಳೂ ಅಫಿಲಿಯೇಟ್ ದುಡ್ಡಿನಿಂದಲೇ ನಡೆಯುವಂಥವು. ಆದರೆ ಅಲ್ಲಿ ಅಂಕವನ್ನು ಬಿಟ್ಟು ಓದಲು ಬೇರೆ ಏನಾದರೂ ಇರುತ್ತದೆ: ಯಾರು ದೂರಿದರು, ಕ್ಯಾಸಿನೊ ಏನು ಉತ್ತರ ಕೊಟ್ಟಿತು, ಎಷ್ಟು ದಿನ ಹಿಡಿಯಿತು. ನಮ್ಮ ಹುಡುಗನ ಕ್ಯಾಸಿನೊದ ಹೆಸರು ಹಾಕಿ ಹುಡುಕಿದಾಗ ಗರಿಷ್ಠ ಹೂಡಿಕೆಯ ಕಾರಣಕ್ಕೆ ಗೆಲುವು ರದ್ದಾದ ದೂರುಗಳು ಸಾಲಾಗಿ ಬಂದವು. 9.8 ಕೊಟ್ಟ ಪುಟ ಅದನ್ನು ನೋಡಬೇಕು ಅಂದಿದ್ದರೆ ಐದು ನಿಮಿಷದ ಕೆಲಸ.

ಒಂದು ಎಚ್ಚರಿಕೆ. ರ‍್ಯಾಂಕಿಂಗ್ ಪುಟಗಳಲ್ಲಿ "ಕಪ್ಪುಪಟ್ಟಿ" ಅಂತಲೂ ಇರುತ್ತದೆ. ಅದರಲ್ಲಿ ಆಟಗಾರರಿಗೆ ಮೋಸ ಮಾಡಿದವರ ಜೊತೆ, ಪುಟದವರಿಗೆ ಕಮಿಷನ್ ಬಾಕಿ ಇಟ್ಟವರೂ ಸೇರಿರಬಹುದು. ಕಾರಣ ಬರೆದಿದೆಯೇ ನೋಡಿ.

ಅಂಕ ಕೊಟ್ಟವರ ಮೇಲೆ ಯಾರಿಗೂ ಹಿಡಿತವೇ ಇಲ್ಲವೇ? ಬ್ರಿಟನ್‌ನಲ್ಲಿ ಇದೆ. ಅಲ್ಲಿ ಅಫಿಲಿಯೇಟ್‌ಗಳು ಮಾಡುವ ಜಾಹೀರಾತಿಗೆ ಪರವಾನಗಿ ಪಡೆದ ಕ್ಯಾಸಿನೊವನ್ನೇ ಹೊಣೆ ಮಾಡುತ್ತಾರೆ. 2017ರಲ್ಲಿ ಬಿಜಿಒ ಅನ್ನುವ ಕಂಪನಿಗೆ ತನ್ನ ಮತ್ತು ತನ್ನ ಅಫಿಲಿಯೇಟ್‌ಗಳ ತಾಣಗಳಲ್ಲಿದ್ದ ದಾರಿ ತಪ್ಪಿಸುವ ಜಾಹೀರಾತಿಗಾಗಿ 3 ಲಕ್ಷ ಪೌಂಡ್ ದಂಡ ಬಿತ್ತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ, ಸಾಲದಲ್ಲಿ ಮುಳುಗಿದ್ದವನು ಕ್ಯಾಸಿನೊ ಆಡಿ ಬದುಕಿಕೊಂಡ ಅನ್ನುವ ಸುದ್ದಿಯ ವೇಷದ ಜಾಹೀರಾತನ್ನು ಅಲ್ಲಿನ ಜಾಹೀರಾತು ಮಂಡಳಿ ನಿಷೇಧಿಸಿತು. ಲ್ಯಾಡ್‌ಬ್ರೋಕ್ಸ್, 888ನಂಥ ದೊಡ್ಡ ಹೆಸರುಗಳೂ ಅದರಲ್ಲಿದ್ದವು. ಅಫಿಲಿಯೇಟ್ ಮಾಡಿದ್ದು, ನಮಗೆ ಗೊತ್ತಿಲ್ಲ ಅನ್ನುವ ಮಾತು ನಡೆಯಲಿಲ್ಲ. ಅದೇ ತಿಂಗಳು ಸ್ಕೈ ಬೆಟ್ ತನ್ನ ಬ್ರಿಟನ್‌ನ ಅಫಿಲಿಯೇಟ್ ವ್ಯವಸ್ಥೆಯನ್ನೇ ಮುಚ್ಚಿತು.

ನಮ್ಮ ಹುಡುಗ ಆಡಿದ್ದು ಅಂಥ ಕ್ಯಾಸಿನೊದಲ್ಲಿ ಅಲ್ಲ. ಅವನ ಕ್ಯಾಸಿನೊದ ಪುಟದ ತಳದಲ್ಲಿ ಕುರಸಾವ್ ದ್ವೀಪದ ಲೈಸೆನ್ಸ್ ಮುದ್ರೆ ಇತ್ತು. ಒತ್ತಿದರೆ ಏನೂ ತೆರೆಯಲಿಲ್ಲ, ಬರೀ ಚಿತ್ರ. ನಿಜವಾದ ಮುದ್ರೆ ಆಗಿದ್ದರೆ ನೀಡಿದವರ ದಾಖಲೆ ಪುಟಕ್ಕೆ ಹೋಗಬೇಕು, ಅಲ್ಲಿ ಕಂಪನಿಯ ಹೆಸರು ಮತ್ತು ಇದೇ ವಿಳಾಸ ಇರಬೇಕು. ವಿಮರ್ಶೆಯಲ್ಲಿ ಮಾತ್ರ "ಪೂರ್ಣ ಲೈಸೆನ್ಸ್, ಭಾರತದಲ್ಲಿ ಕಾನೂನುಬದ್ಧ" ಅಂತ ಇತ್ತು. ಕುರಸಾವ್ ಲೈಸೆನ್ಸ್ ನಿಜವೇ ಆಗಿದ್ದರೂ ಅದರಿಂದ ಭಾರತದಲ್ಲಿ ಏನೂ ಕಾನೂನುಬದ್ಧ ಆಗುವುದಿಲ್ಲ. 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾಯ್ದೆಯಂತೂ ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೇ ನಿಷೇಧಿಸಿದೆ. ಅವುಗಳ ಜಾಹೀರಾತು ಮಾಡಿದವರಿಗೆ ಎರಡು ವರ್ಷದವರೆಗೆ ಜೈಲು, 50 ಲಕ್ಷದವರೆಗೆ ದಂಡ ಅಂತ ಬರೆದಿದೆ. ಆ ಹಸಿರು ಬಟನ್ ಜಾಹೀರಾತಲ್ಲದೆ ಇನ್ನೇನು? ಇವತ್ತು "ಭಾರತದಲ್ಲಿ ಕಾನೂನುಬದ್ಧ" ಅಂತ ಬರೆದ ರ‍್ಯಾಂಕಿಂಗ್ ಪುಟ ಕಂಡರೆ ಮುಂದಿನ ಸಾಲು ಓದುವ ಅಗತ್ಯವೇ ಇಲ್ಲ.

ಪಾವತಿಗೆ 9.6

ಕೊನೆಗೆ ಅವನ ಯುಪಿಐ ಚರಿತ್ರೆ ನೋಡಿದೆ. ನನಗೆ ಹೆಚ್ಚು ಗಾಬರಿ ಆದದ್ದು ಅಲ್ಲೇ. ಎರಡು ಡೆಪಾಸಿಟ್, ಎರಡೂ ಬೇರೆ ಬೇರೆ ಹೆಸರಿಗೆ. ಒಂದು ಯಾರೋ ವ್ಯಕ್ತಿಯ ಹೆಸರು, ಇನ್ನೊಂದು ಯಾವುದೋ ಟ್ರೇಡರ್ಸ್. ಕ್ಯಾಸಿನೊದ ಹೆಸರು ಎಲ್ಲೂ ಇಲ್ಲ. ವಿದೇಶಿ ಜೂಜಿನ ತಾಣಗಳು ಬಾಡಿಗೆಗೆ ಪಡೆದ ಇಂಥ ಖಾತೆಗಳನ್ನು ಬಳಸುವುದು ಪೊಲೀಸ್ ತನಿಖೆಗಳಲ್ಲಿ ಮತ್ತೆ ಮತ್ತೆ ಬಂದಿದೆ. ಪೊಲೀಸರು ಇವನ್ನು ಮ್ಯೂಲ್ ಖಾತೆ ಅನ್ನುತ್ತಾರೆ.

ಇದರಲ್ಲಿ ಗೆದ್ದವರಿಗೂ ಅಪಾಯ ಇದೆ. ಗೆಲುವಿನ ದುಡ್ಡೂ ಇಂಥದೇ ಖಾತೆಯಿಂದ ಬರುತ್ತದೆ. ಆ ಖಾತೆಯಲ್ಲಿ ಬೇರೆ ಯಾರದ್ದೋ ವಂಚನೆಯ ಹಣ ಓಡಾಡಿದ್ದು, ಅವರು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ದೂರು ಕೊಟ್ಟರೆ, ಹಣ ಹೋದ ಜಾಡನ್ನು ಹಿಡಿದು ಬ್ಯಾಂಕುಗಳು ಖಾತೆಗಳನ್ನು ತಡೆಹಿಡಿಯುತ್ತವೆ. ಆ ಸಾಲಿನಲ್ಲಿ ಗೆದ್ದವನ ಸಂಬಳದ ಖಾತೆಯೂ ಸಿಕ್ಕಿಕೊಳ್ಳಬಹುದು. ಅವನಿಗೆ 38,000 ಬರದಿದ್ದದ್ದು ಒಂದು ಲೆಕ್ಕದಲ್ಲಿ ಒಳ್ಳೆಯದೇ ಆಯಿತೇನೋ ಅಂದೆ. ಅವನಿಗೆ ಅದು ಹಿಡಿಸಲಿಲ್ಲ.

ಪುಟದವರಿಗೆ ಅವನು ಮೇಲ್ ಬರೆದಿದ್ದ: ನೀವು ಹೇಳಿದ ಮೊದಲ ಕ್ಯಾಸಿನೊ ಹೀಗೆ ಮಾಡಿತು ಅಂತ. ಉತ್ತರ ಬಂತು. ನಿಮ್ಮ ಅನುಭವಕ್ಕೆ ವಿಷಾದಿಸುತ್ತೇವೆ, ದಯವಿಟ್ಟು ನಮ್ಮ ಪಟ್ಟಿಯ ಎರಡನೇ ಕ್ಯಾಸಿನೊ ಪ್ರಯತ್ನಿಸಿ ಅಂತ. ಕೆಳಗೆ ಲಿಂಕ್ ಇತ್ತು, ಅದರಲ್ಲೂ `btag`.